ಟ್ರಯಲ್‌ನ ತೀರ್ಮಾನ ಒಪ್ಪಿಗೆಯಾಗದಿದ್ದರೆ ಸಂಪಾದಕರಿಗೆ ಪತ್ರ ಬರೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಐಸಿಯುನಲ್ಲಿ ಕೆಲಸ ಮಾಡುತ್ತಾ, ಪಿಜಿ ವಿದ್ಯಾರ್ಥಿಗಳಿಗೆ ಜರ್ನಲ್ ಕ್ಲಬ್ ನಡೆಸುತ್ತಾ ಬಂದಿದ್ದೇನೆ. ಪ್ರತಿ ವರ್ಷವೂ ಒಬ್ಬಿಬ್ಬರು, ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಚಿಕಿತ್ಸೆಯ ಟ್ರಯಲ್ ಒಂದರ ತೀರ್ಮಾನ ಒಪ್ಪದೆ, ಆ ಪತ್ರಿಕೆಗೆ ಪತ್ರ ಬರೆಯಬೇಕು ಎಂದು ಬರುತ್ತಾರೆ. ಅವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಉತ್ತರಗಳನ್ನು ಒಂದೇ ಟ್ರಯಲ್ ಇಟ್ಟುಕೊಂಡು ಬರೆದಿದ್ದೇನೆ. ಉದಾಹರಣೆ ಬದಲಾಗುತ್ತಾ ಹೋದರೆ ಧ್ವನಿಯ ಸೂಕ್ಷ್ಮ ಕೈಗೆ ಸಿಗುವುದಿಲ್ಲ.

ತೀರ್ಮಾನವನ್ನು ಟೀಕಿಸಿದರೆ ಇಡೀ ಟ್ರಯಲನ್ನೇ ಟೀಕಿಸಿದ ಹಾಗಲ್ವಾ?

ಅಲ್ಲ. ಒಂದು ಟ್ರಯಲ್ ವರದಿಯಲ್ಲಿ ಮೂರು ಬೇರೆ ಬೇರೆ ಸಂಗತಿಗಳಿರುತ್ತವೆ. ಏನು ಮಾಡಿದರು, ಏನು ಸಿಕ್ಕಿತು, ಸಿಕ್ಕಿದ್ದರಿಂದ ಏನು ಅರ್ಥ ಮಾಡಿಕೊಂಡರು. ಮೊದಲ ಎರಡು ಚೆನ್ನಾಗಿದ್ದು ಮೂರನೆಯದರಲ್ಲಿ ಮಾತ್ರ ತಕರಾರು ಇರಬಹುದು. ಎಷ್ಟೋ ಸಲ ಆ ತಕರಾರು ಸಾರಾಂಶದ ಕೊನೆಯ ಒಂದೇ ವಾಕ್ಯದ ಮೇಲೆ ಇರುತ್ತದೆ.

ಆದ್ದರಿಂದ ಪತ್ರ ಬರೆಯುವ ಮೊದಲು ಒಂದು ಹಾಳೆಯ ಮೇಲೆ ಆ ವಾಕ್ಯವನ್ನು ಇದ್ದ ಹಾಗೇ ನಕಲು ಮಾಡಿ. ಅದರ ಕೆಳಗೆ ಮುಖ್ಯ ಫಲಿತಾಂಶದ ಅಂಕಿಗಳನ್ನು ಬರೆಯಿರಿ. ವಾಕ್ಯ ಹೇಳುವುದಕ್ಕೂ ಅಂಕಿ ಹೇಳುವುದಕ್ಕೂ ನಡುವೆ ಎಲ್ಲಿ ಅಂತರ ಇದೆ? ಆ ಅಂತರವನ್ನು ಎರಡು ಸಾಲಿನಲ್ಲಿ ಹೇಳಲು ಬಂದರೆ ನಿಮ್ಮ ಪತ್ರ ಸಿದ್ಧ. ಬರದಿದ್ದರೆ ಸಿಟ್ಟು ಮಾತ್ರ ಇದೆ, ವಾದ ಇನ್ನೂ ಇಲ್ಲ ಎಂದರ್ಥ.

ನಿಜವಾದ ಉದಾಹರಣೆ ಒಂದನ್ನು ಹೇಳುತ್ತೀರಾ?

2019ರ ಫೆಬ್ರವರಿಯಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ಆಂಡ್ರೊಮಿಡಾ-ಶಾಕ್ ಟ್ರಯಲ್ ತೆಗೆದುಕೊಳ್ಳೋಣ. ಚಿಲಿಯ ಗ್ಲೆನ್ ಹೆರ್ನಾಂಡೆಸ್ ಮತ್ತು ಸಂಗಡಿಗರು ದಕ್ಷಿಣ ಅಮೆರಿಕದ 5 ದೇಶಗಳ 28 ಆಸ್ಪತ್ರೆಗಳಲ್ಲಿ ಇದನ್ನು ನಡೆಸಿದರು. ಸೆಪ್ಟಿಕ್ ಶಾಕ್ ಆದ 424 ರೋಗಿಗಳು, ಎರಡು ಗುಂಪು, ತಲಾ 212 ಜನ.

ಸೆಪ್ಟಿಕ್ ಶಾಕ್ ಅಂದರೆ ಸೋಂಕಿನಿಂದ ಬಿಪಿ ಕುಸಿದು, ಅಂಗಾಂಗಗಳಿಗೆ ರಕ್ತ ಸರಿಯಾಗಿ ತಲುಪದ ಸ್ಥಿತಿ. ಡ್ರಿಪ್ ಇನ್ನೂ ಎಷ್ಟು ಕೊಡಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂದು ತಿಳಿಯಲು ಒಂದು ಅಳತೆ ಬೇಕು. ಒಂದು ಗುಂಪಿನಲ್ಲಿ, ಅಂಗಾಂಗಗಳಿಗೆ ರಕ್ತ ಸಾಲದಾದಾಗ ಏರುವ ಲ್ಯಾಕ್ಟೇಟ್ ಎಂಬ ಅಂಶ ರಕ್ತದಲ್ಲಿ ಎಷ್ಟಿದೆ ಎಂದು 2 ಗಂಟೆಗೊಮ್ಮೆ ನೋಡಿದರು. ಇನ್ನೊಂದು ಗುಂಪಿನಲ್ಲಿ ಬೆರಳು ನೋಡಿದರು. ಬಲಗೈ ತೋರುಬೆರಳಿನ ತುದಿಯನ್ನು ಗಾಜಿನ ಸ್ಲೈಡಿನಿಂದ ಬಿಳಿಚುವ ತನಕ ಒತ್ತಿ, 10 ಸೆಕೆಂಡ್ ಹಾಗೇ ಹಿಡಿದು, ಬಿಟ್ಟ ಮೇಲೆ ಬಣ್ಣ ಮರಳಲು ಎಷ್ಟು ಹೊತ್ತು ಬೇಕು ಎಂದು ಎಣಿಸುವುದು. 3 ಸೆಕೆಂಡಿಗಿಂತ ಜಾಸ್ತಿ ಆದರೆ ಸರಿಯಿಲ್ಲ ಎಂದು ಲೆಕ್ಕ. ಇದೇ ಕ್ಯಾಪಿಲರಿ ರೀಫಿಲ್. ಅರ್ಧ ಗಂಟೆಗೊಮ್ಮೆ ನೋಡುವುದು, 8 ಗಂಟೆಗಳ ಕಾಲ.

28 ದಿನದೊಳಗೆ ಬೆರಳು ನೋಡಿದ ಗುಂಪಿನಲ್ಲಿ 74 ಜನ ತೀರಿಕೊಂಡರು, ಅಂದರೆ 34.9%. ಲ್ಯಾಕ್ಟೇಟ್ ಗುಂಪಿನಲ್ಲಿ 92 ಜನ, 43.4%. ಎರಡು ಗುಂಪುಗಳ ಸಾವಿನ ವೇಗವನ್ನು ಹೋಲಿಸುವ ಹಝಾರ್ಡ್ ರೇಶಿಯೋ 0.75; ಅದು 1 ಆದರೆ ಎರಡೂ ಸಮ. ಅದರ 95% ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ಈ ಅಂಕಿಗಳಿಗೆ ಹೊಂದುವ ಬೆಲೆಗಳ ವ್ಯಾಪ್ತಿ, 0.55ರಿಂದ 1.02. ಪಿ ವ್ಯಾಲ್ಯೂ 0.06; ಅದು 0.05ಕ್ಕಿಂತ ಕಡಿಮೆ ಇದ್ದರೆ ಮಾತ್ರ ಫಲಿತಾಂಶವನ್ನು ‘ಸಿಗ್ನಿಫಿಕೆಂಟ್’ ಎನ್ನುವುದು ವಾಡಿಕೆ.

ಸಾರಾಂಶದ ತೀರ್ಮಾನ ಏನು ಹೇಳಿತು? ಬೆರಳು ನೋಡುವ ಕ್ರಮವು ಲ್ಯಾಕ್ಟೇಟ್ ಕ್ರಮಕ್ಕೆ ಹೋಲಿಸಿದರೆ 28 ದಿನಗಳ ಸಾವನ್ನು ಕಡಿಮೆ ಮಾಡಲಿಲ್ಲ ಎಂದು.

ಇಲ್ಲೇ ಅಂತರ ಇರುವುದು. ಆ ಇಂಟರ್ವಲ್ ಒಳಗೆ ಸಾವಿನ ಹಝಾರ್ಡ್ 45% ಇಳಿಯುವ ಸಾಧ್ಯತೆಯೂ ಇದೆ, 2% ಏರುವ ಸಾಧ್ಯತೆಯೂ ಇದೆ. ಇಷ್ಟು ಅಗಲದ ಇಂಟರ್ವಲ್ ಇಟ್ಟುಕೊಂಡು ‘ಕಡಿಮೆ ಮಾಡಲಿಲ್ಲ’ ಎನ್ನಲು ಆಗುವುದಿಲ್ಲ. ‘ಕಡಿಮೆ ಮಾಡುತ್ತದೆ ಎಂದು ಈ ಟ್ರಯಲ್‌ನಿಂದ ಖಚಿತವಾಗಲಿಲ್ಲ’ ಎನ್ನಬಹುದು. ಕೇಳಲು ಎರಡೂ ಒಂದೇ ಎನಿಸುತ್ತವೆ. ಆದರೆ ಮೊದಲನೆಯದು ರೋಗಿಯ ಬಗ್ಗೆ ಹೇಳುವ ಮಾತು, ಎರಡನೆಯದು ನಮಗೆ ಎಷ್ಟು ತಿಳಿದಿದೆ ಎನ್ನುವ ಮಾತು.

ಲ್ಯಾಕ್ಟೇಟ್ ಮಾಡಿಸಲು ಲ್ಯಾಬ್ ಬೇಕು. ನಮ್ಮ ಎಷ್ಟೋ ತಾಲ್ಲೂಕು ಆಸ್ಪತ್ರೆಗಳಲ್ಲಿ ರಾತ್ರಿ ಎರಡು ಗಂಟೆಗೆ ಅದು ಸಿಗುವುದಿಲ್ಲ. ಬೆರಳು ಒತ್ತಿ ನೋಡಲು ಖರ್ಚೇ ಇಲ್ಲ. ಅಲ್ಲಿ ಡ್ಯೂಟಿಯಲ್ಲಿರುವ ವೈದ್ಯೆ ಸಾರಾಂಶ ಮಾತ್ರ ಓದಿ ‘ಓ, ಇದರಿಂದ ಉಪಯೋಗ ಇಲ್ಲವಂತೆ’ ಎಂದುಕೊಂಡರೆ ಅದು ದೊಡ್ಡ ನಷ್ಟ. ಬರೆಯಬೇಕು ಎನಿಸುವುದು ಇಂಥ ಕಾರಣಕ್ಕೆ.

ಹಾಗಾದರೆ ‘ಬೆರಳು ನೋಡಿದರೆ ಜೀವ ಉಳಿಯುತ್ತದೆ’ ಎಂದು ಬರೆಯಬಹುದಾ?

ಬೇಡ. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ‘ಲಾಭ ಇಲ್ಲ’ ಎನ್ನುವುದು ಅತಿಯಾಯಿತು ಎಂದು ತೋರಿಸಲು ಹೊರಟವರು ‘ಲಾಭ ಇದೆ’ ಎಂಬ ಇನ್ನೊಂದು ಅತಿಗೆ ಹೋಗುತ್ತಾರೆ. ಸಂಪಾದಕರು ಪತ್ರ ಪಕ್ಕಕ್ಕೆ ಇಡಲು ಅಷ್ಟು ಸಾಕು.

‘ಟ್ರೆಂಡ್ ಟುವರ್ಡ್ಸ್ ಸಿಗ್ನಿಫಿಕೆನ್ಸ್’ ಎಂಬ ಮಾತನ್ನೂ ಬಿಟ್ಟುಬಿಡಿ. 0.06 ಎನ್ನುವುದು 0.05ರ ಕಡೆಗೆ ನಡೆದುಕೊಂಡು ಹೋಗುತ್ತಿಲ್ಲ. ಇನ್ನೂ ನೂರು ರೋಗಿಗಳು ಸೇರಿದ್ದರೆ ಅದು ಯಾವ ಕಡೆಗೂ ಹೋಗಬಹುದಿತ್ತು.

ಎರಡನೇ ಆಮಿಷ ಸೆಕೆಂಡರಿ ಔಟ್‌ಕಮ್‌ಗಳು, ಅಂದರೆ ಮುಖ್ಯ ಫಲಿತಾಂಶದ ಜೊತೆಗೆ ಅಳೆದ ಬೇರೆ ಸಂಗತಿಗಳು. ಈ ಟ್ರಯಲ್‌ನಲ್ಲಿ 72 ಗಂಟೆಗೆ ಅಂಗಾಂಗ ವೈಫಲ್ಯ ಅಳೆಯುವ ಸೋಫಾ ಸ್ಕೋರ್ ಬೆರಳಿನ ಗುಂಪಿನಲ್ಲಿ ಸರಾಸರಿ 5.6, ಲ್ಯಾಕ್ಟೇಟ್ ಗುಂಪಿನಲ್ಲಿ 6.6 ಇತ್ತು. ಪಿ ವ್ಯಾಲ್ಯೂ 0.045. ‘ನೋಡಿ, ಇದು ಸಿಗ್ನಿಫಿಕೆಂಟ್’ ಎಂದು ಎತ್ತಿ ತೋರಿಸಬೇಕು ಎನಿಸುತ್ತದೆ. ಆದರೆ ಹಲವು ಅಳತೆಗಳನ್ನು ನೋಡಿದಾಗ ಒಂದೆರಡು ಸುಮ್ನೆ ಆಕಸ್ಮಿಕವಾಗಿಯೂ ಗೆರೆ ದಾಟುತ್ತವೆ. 0.06ನ್ನು ಗೆರೆಯ ಹೊರಗಿಟ್ಟಿದ್ದು ತಪ್ಪು ಎಂದು ವಾದಿಸುತ್ತಾ, ಅದೇ ಗೆರೆ ಹಿಡಿದು 0.045ನ್ನು ಹೊಗಳಿದರೆ ವಾದ ತನ್ನ ಕಾಲಮೇಲೆ ತಾನೇ ಕೊಡಲಿ ಹಾಕಿಕೊಂಡಂತೆ. ಸೋಫಾ ವಿಷಯ ಹೇಳಲೇಬೇಕಾದರೆ ‘ಇದೂ ಅದೇ ದಿಕ್ಕಿನಲ್ಲಿತ್ತು’ ಎಂದು ಅರ್ಧ ವಾಕ್ಯ ಸಾಕು.

ಯಾವ ಮಾತು ಜಗಳಕ್ಕೆ ಬಂದ ಹಾಗೆ ಕೇಳಿಸುತ್ತದೆ?

ಒಬ್ಬ ವಿದ್ಯಾರ್ಥಿನಿ ತಂದಿದ್ದ ಕರಡು ನೆನಪಿದೆ. ನೈಟ್ ಡ್ಯೂಟಿ ಮುಗಿಸಿ, ಕೈಯಲ್ಲಿ ಎರಡು ಹಾಳೆ ಹಿಡಿದು ಬಂದಿದ್ದಳು. ಮೊದಲ ಸಾಲು ಹೀಗಿತ್ತು: ‘ಇಷ್ಟು ಸ್ಪಷ್ಟವಾದ ಲಾಭವನ್ನು ಲೇಖಕರು ಗುರುತಿಸದೇ ಹೋಗಿರುವುದು ಆಶ್ಚರ್ಯಕರ, ಅವರ ತೀರ್ಮಾನ ಓದುಗರನ್ನು ದಾರಿ ತಪ್ಪಿಸುತ್ತದೆ.’

“ಸರ್, ಇದರಲ್ಲಿ ತಪ್ಪೇನಿದೆ? ನಿಜ ತಾನೇ?” ಎಂದಳು.

“ಈ ವಾಕ್ಯದ ಕರ್ತೃ ಯಾರಮ್ಮ?” ಎಂದು ಕೇಳಿದೆ.

ಸ್ವಲ್ಪ ಹೊತ್ತು ಹಾಳೆ ನೋಡಿ, “ಲೇಖಕರು” ಎಂದಳು.

ಅಷ್ಟೇ ವಿಷಯ. ವಾಕ್ಯದ ಕರ್ತೃ ಮನುಷ್ಯರಾದರೆ ಅದು ಆರೋಪವಾಗುತ್ತದೆ. ಕರ್ತೃ ಇಂಟರ್ವಲ್ ಆದರೆ, ಅಂಕಿ ಆದರೆ, ಅದು ಚರ್ಚೆಯಾಗುತ್ತದೆ. ಅವಳೇ ಅಲ್ಲೇ ಕೂತು ತಿದ್ದಿದಳು: ‘ಈ ಇಂಟರ್ವಲ್ ದೊಡ್ಡ ಲಾಭವನ್ನು ತಳ್ಳಿಹಾಕುವುದಿಲ್ಲ.’ ಹೇಳಬೇಕಾದ್ದು ಪೂರ್ತಿ ಉಳಿಯಿತು. ಮೊನಚು ಕೂಡ ಉಳಿಯಿತು. ಹೋದದ್ದು ವ್ಯಕ್ತಿಗಳ ಮೇಲಿನ ಬೆರಳು ಮಾತ್ರ.

ಪತ್ರ ಇಂಗ್ಲಿಷಿನಲ್ಲೇ ಬರೆಯಬೇಕಲ್ಲ, ಅಲ್ಲಿ ಕೆಲವು ಪದಗಳ ಬಗ್ಗೆ ಎಚ್ಚರ ಇರಲಿ. ‘ಫೇಲ್ಡ್ ಟು’, ‘ಮಿಸ್‌ಲೀಡಿಂಗ್’, ‘ಫ್ಲಾಡ್’, ‘ಇಗ್ನೋರ್ಡ್’ ಇವೆಲ್ಲ ಲೇಖಕರ ಮನಸ್ಸಿನಲ್ಲಿ ಏನಿತ್ತು ಎಂದು ನಮಗೆ ಗೊತ್ತಿರುವ ಹಾಗೆ ಮಾತಾಡುತ್ತವೆ. ಗೊತ್ತಿಲ್ಲವಲ್ಲ. ಇನ್ನೊಂದು ಸಂಗತಿ: ಸಾರಾಂಶದ ಕೊನೆಯ ವಾಕ್ಯದಲ್ಲಿ ಪತ್ರಿಕೆಯ ಸಂಪಾದಕರ ಕೈಯೂ ಇರುತ್ತದೆ. ವಿಮರ್ಶಕರು ಹೇಳಿದ್ದಕ್ಕೆ, ಪತ್ರಿಕೆಯ ಶೈಲಿಗೆ ತಕ್ಕಂತೆ ಎಷ್ಟೋ ವಾಕ್ಯಗಳು ಬದಲಾಗುತ್ತವೆ. ಲೇಖಕರೇ ಬೇರೆ ರೀತಿ ಬರೆದಿದ್ದಿರಬಹುದು. ಹಾಗಾಗಿ ‘ವರದಿಯ ತೀರ್ಮಾನ’ ಎಂದು ಬರೆಯುವುದೇ ಸರಿ.

ಹಾಗಾದರೆ ಹೊಗಳಿ ಶುರು ಮಾಡೋಣವಾ?

ಸುಮ್ಮನೆ ಹೊಗಳಿದರೆ ಅದು ಶಾಲು ಹೊದಿಸಿ ಆಮೇಲೆ ಬೈದ ಹಾಗೆ ಕಾಣುತ್ತದೆ. ‘ಅಮೋಘ’, ‘ಮಹತ್ವದ ಕೊಡುಗೆ’ ಇವೆಲ್ಲ ಬೇಡ. ಟ್ರಯಲ್‌ನಲ್ಲಿ ನಿಜಕ್ಕೂ ಗಟ್ಟಿಯಾಗಿರುವ ಒಂದು ಅಂಶವನ್ನು, ನಿಮ್ಮ ವಾದಕ್ಕೆ ಬೇಕಾಗಿರುವಂಥದ್ದನ್ನೇ ಹೇಳಿ. ಇಲ್ಲಿ ಅಂಥದ್ದು ಇದೆ: ಗಾಜಿನ ಸ್ಲೈಡ್, 10 ಸೆಕೆಂಡ್, 3 ಸೆಕೆಂಡ್ ಎಂದು ಅಳತೆಯ ವಿಧಾನವನ್ನು ಎಲ್ಲ 28 ಕಡೆಗೂ ಒಂದೇ ಮಾಡಿದರು. ವೈದ್ಯರ ಅಂದಾಜಿಗೆ ಬಿಡಬಹುದಾಗಿದ್ದ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದಾದ ಅಳತೆಯಾಗಿ ಕೊಟ್ಟರು. ಇದನ್ನು ಹೇಳಿದರೆ ನೀವು ವಿಧಾನದ ಭಾಗವನ್ನೂ ಓದಿದ್ದೀರಿ ಎಂದು ಲೇಖಕರಿಗೆ ತಿಳಿಯುತ್ತದೆ. ಮುಂದಿನ ಮಾತನ್ನು ಅವರು ಬೇರೆಯೇ ಮನಸ್ಸಿನಿಂದ ಓದುತ್ತಾರೆ.

ಇಡೀ ಪತ್ರ ಹೇಗಿರುತ್ತದೆ, ತೋರಿಸುತ್ತೀರಾ?

ಕನ್ನಡದಲ್ಲಿ ಹೇಳುವುದಾದರೆ ಹೆಚ್ಚು ಕಡಿಮೆ ಹೀಗೆ:

> ಸಂಪಾದಕರಿಗೆ,
>
> ಸೆಪ್ಟಿಕ್ ಶಾಕ್‌ನ ಮೊದಲ ಗಂಟೆಗಳಲ್ಲಿ ಕ್ಯಾಪಿಲರಿ ರೀಫಿಲ್ ಅನ್ನು ಲ್ಯಾಕ್ಟೇಟ್ ಜೊತೆ ಹೋಲಿಸಿದ ಹೆರ್ನಾಂಡೆಸ್ ಮತ್ತು ಸಂಗಡಿಗರ ಟ್ರಯಲ್, ಈ ಪರೀಕ್ಷೆಗೆ 28 ಆಸ್ಪತ್ರೆಗಳಲ್ಲಿ ಒಂದೇ ರೀತಿಯ ಅಳತೆ ಬಳಸಿದೆ. ವರದಿಯ ತೀರ್ಮಾನದ ಪ್ರಕಾರ ಈ ಕ್ರಮ 28 ದಿನಗಳ ಸಾವನ್ನು ಕಡಿಮೆ ಮಾಡಲಿಲ್ಲ.
>
> ಸಾವಿನ ಪ್ರಮಾಣ 34.9% ಮತ್ತು 43.4% ಇತ್ತು. ಹಝಾರ್ಡ್ ರೇಶಿಯೋ 0.75, 95% ಕಾನ್ಫಿಡೆನ್ಸ್ ಇಂಟರ್ವಲ್ 0.55ರಿಂದ 1.02. ಈ ಇಂಟರ್ವಲ್ ಗಣನೀಯ ಲಾಭವನ್ನು ತಳ್ಳಿಹಾಕುವುದಿಲ್ಲ. ಟ್ರಯಲ್ ಅನ್ನು ಸಾವು 45%ರಿಂದ 30%ಕ್ಕೆ ಇಳಿದರೆ ಪತ್ತೆ ಹಚ್ಚುವಂತೆ ರೂಪಿಸಲಾಗಿತ್ತು. ಅದಕ್ಕಿಂತ ಚಿಕ್ಕದಾದ, ಆದರೆ ರೋಗಿಗಳಿಗೆ ಮುಖ್ಯವಾದ ವ್ಯತ್ಯಾಸ ಇದ್ದಿರಬಹುದು.
>
> ಕ್ಯಾಪಿಲರಿ ರೀಫಿಲ್ ಸಾವನ್ನು ಕಡಿಮೆ ಮಾಡುತ್ತದೆ ಎಂದು ನಾವು ಹೇಳುತ್ತಿಲ್ಲ. ಆ ಪ್ರಶ್ನೆ ಇನ್ನೂ ತೆರೆದಿದೆ ಎಂದು ಈ ಅಂಕಿಗಳು ಹೇಳುತ್ತವೆ ಎಂಬುದು ನಮ್ಮ ಅಭಿಪ್ರಾಯ. ಲ್ಯಾಕ್ಟೇಟ್ ಪರೀಕ್ಷೆ ಸುಲಭವಾಗಿ ಸಿಗದ ಆಸ್ಪತ್ರೆಗಳ ವೈದ್ಯರು ಈ ಫಲಿತಾಂಶವನ್ನು ಹೇಗೆ ಬಳಸಬಹುದು ಎಂದು ಲೇಖಕರು ತಿಳಿಸಿದರೆ ಉಪಕಾರವಾಗುತ್ತದೆ.

ಮೂರನೇ ಪ್ಯಾರಾದ ಮೊದಲ ವಾಕ್ಯ ನೋಡಿ. ನಾವು ಏನನ್ನು ಹೇಳುತ್ತಿಲ್ಲ ಎಂದು ಹೇಳುವುದಕ್ಕೆ ಅಷ್ಟು ಪದ ಯಾಕೆ ಎಂದು ಕೇಳುತ್ತಾರೆ. ಅದನ್ನು ತೆಗೆದರೆ ಲೇಖಕರು ತಮ್ಮ ಉತ್ತರದಲ್ಲಿ ‘ಪತ್ರ ಬರೆದವರು ಲಾಭ ಸಾಬೀತಾಗಿದೆ ಎಂದು ಭಾವಿಸಿದ್ದಾರೆ’ ಎಂದು ಹೇಳಿ ಮುಗಿಸಿಬಿಡಬಹುದು. ನಿಜವಾದ ಪ್ರಶ್ನೆಗೆ ಉತ್ತರ ಸಿಗುವುದೇ ಇಲ್ಲ.

ಕೊನೆಯ ವಾಕ್ಯ ಒಂದು ಪ್ರಶ್ನೆ. ಸುಮ್ಮನೆ ವಿನಯಕ್ಕೆ ಹಾಕಿದ್ದಲ್ಲ, ಅದಕ್ಕೆ ಉತ್ತರ ಕೊಡಲು ಅವರಿಗೇ ಸಾಧ್ಯ. ಬೆರಳಿನ ಗುಂಪಿನಲ್ಲಿ ಸಾವು ಹೆಚ್ಚೆಂದರೆ ನೂರಕ್ಕೆ 1.2ರಷ್ಟು ಜಾಸ್ತಿ ಆಗಬಹುದಿತ್ತು ಎಂದು, ಸಾವಿನ ಶೇಕಡಾವಾರು ವ್ಯತ್ಯಾಸಕ್ಕೆ ವರದಿ ಬೇರೆಯಾಗಿ ಕೊಟ್ಟ ಇಂಟರ್ವಲ್‌ನ ತುದಿ ಹೇಳುತ್ತದೆ. ಅಂದರೆ ದೊಡ್ಡ ಹಾನಿಯ ಸಾಧ್ಯತೆ ಕಡಿಮೆ. ಆದರೆ ಈ ಟ್ರಯಲ್ ‘ಎರಡೂ ಸಮ’ ಎಂದು ತೋರಿಸಲು ರೂಪಿಸಿದ್ದಲ್ಲ. ಹಾಗಾಗಿ ನಾವೇ ಅದನ್ನು ಘೋಷಿಸದೆ ಅವರನ್ನು ಕೇಳುತ್ತಿದ್ದೇವೆ.

‘ಸ್ಯಾಂಪಲ್ ಸೈಜ್ ಸಾಲದು’ ಎಂದು ಒಂದೇ ಮಾತಿನಲ್ಲಿ ಹೇಳಿದರೆ ಆಗಲ್ವಾ?

ಆಗುವುದಿಲ್ಲ. ಯಾವ ಟ್ರಯಲ್ ಬಗ್ಗೆ ಬೇಕಾದರೂ ಹೇಳಬಹುದಾದ ಮಾತು ಅದು. 424 ರೋಗಿಗಳನ್ನು ಸೇರಿಸಲು ಎಷ್ಟು ಜನ ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದಾರೋ. ಅವರಿಗೆ ‘ಸಾಲದು’ ಎಂದರೆ ನೋವಾಗುತ್ತದೆ, ತಿಳಿಯುವುದೇನೂ ಇಲ್ಲ.

ಯಾವುದಕ್ಕೆ ಸಾಲದು ಎಂದು ಹೇಳಬೇಕು. ಈ ಟ್ರಯಲ್ ನೂರಕ್ಕೆ 15ರಷ್ಟು ಇಳಿಕೆ ಹಿಡಿಯಲು 90% ಪವರ್ ಇಟ್ಟುಕೊಂಡಿತ್ತು, ಅಂದರೆ ಅಷ್ಟು ಇಳಿಕೆ ನಿಜಕ್ಕೂ ಇದ್ದರೆ ಅದು ಪತ್ತೆಯಾಗುವ ಸಾಧ್ಯತೆ 90%. ಅದು ಬಹಳ ದೊಡ್ಡ ಇಳಿಕೆ. ಸಿಕ್ಕಿದ್ದು 8.5. ಇಷ್ಟರ ವ್ಯತ್ಯಾಸವನ್ನು ಅದೇ ಪವರ್‌ನಲ್ಲಿ ಹಿಡಿಯಬೇಕಾದರೆ, ನಾನು ಮಾಮೂಲಿ ಸೂತ್ರದಲ್ಲಿ ಲೆಕ್ಕ ಹಾಕಿದಂತೆ, ಗುಂಪಿಗೆ ಸುಮಾರು 690 ಜನ ಬೇಕು. ಹೆಚ್ಚು ಕಡಿಮೆ ಮೂರು ಪಟ್ಟು.

ಆದರೆ ಒಂದು ಎಚ್ಚರಿಕೆ. ಸಿಕ್ಕ ವ್ಯತ್ಯಾಸವನ್ನೇ ಹಾಕಿ ‘ಈ ಟ್ರಯಲ್‌ನ ಪವರ್ ಇಷ್ಟೇ ಇತ್ತು’ ಎಂದು ಹಿಂದಕ್ಕೆ ಲೆಕ್ಕ ಹಾಕಬೇಡಿ. ಆ ಲೆಕ್ಕ ಪಿ ವ್ಯಾಲ್ಯೂವನ್ನೇ ಬೇರೆ ಬಟ್ಟೆ ಹಾಕಿ ತೋರಿಸುತ್ತದೆ, ಹೊಸದೇನನ್ನೂ ಹೇಳುವುದಿಲ್ಲ. ಅಂಕಿಅಂಶ ನೋಡುವ ಸಂಪಾದಕರು ಇದನ್ನು ಕೂಡಲೇ ಹಿಡಿಯುತ್ತಾರೆ. ಮುಗಿದ ಟ್ರಯಲ್ ಬಗ್ಗೆ ಮಾತಾಡಲು ಇಂಟರ್ವಲ್ ಸಾಕು. ನನ್ನ 690ರ ಲೆಕ್ಕ ಮುಂದೆ ಟ್ರಯಲ್ ಮಾಡುವವರಿಗೆ, ಅದನ್ನು ಪತ್ರದಲ್ಲಿ ಹಾಕಬೇಕಾಗಿಲ್ಲ.

ಎಷ್ಟು ಪದ, ಎಷ್ಟು ದಿನ?

ಪತ್ರಿಕೆಯಿಂದ ಪತ್ರಿಕೆಗೆ ಬೇರೆ. ಜಾಮಾ 400 ಪದ ಕೊಡುತ್ತದೆ, ಲೇಖನ ಬಂದ 4 ವಾರದೊಳಗೆ ಕಳಿಸಬೇಕು. ನ್ಯೂ ಇಂಗ್ಲೆಂಡ್ ಜರ್ನಲ್ ಕೊಡುವುದು 175 ಪದ, 3 ವಾರ. ಎರಡರಲ್ಲೂ 5 ಉಲ್ಲೇಖ, 3 ಲೇಖಕರು ಎಂಬ ಮಿತಿ ಇದೆ. ನಿಯಮಗಳು ಬದಲಾಗುತ್ತಿರುತ್ತವೆ, ಕಳಿಸುವ ದಿನ ಪತ್ರಿಕೆಯ ಸೈಟಿನಲ್ಲಿ ಒಮ್ಮೆ ನೋಡಿ. ಗಡುವು ಕಳೆದರೆ ಎಷ್ಟು ಒಳ್ಳೆಯ ವಾದವಿದ್ದರೂ ಪ್ರಯೋಜನವಿಲ್ಲ.

175 ಪದದಲ್ಲಿ ಒಂದು ವಾದ ಹಿಡಿಸುತ್ತದೆ. ನನ್ನ ಮೊದಲ ಪತ್ರದಲ್ಲಿ ಆರು ವಾದ ಇತ್ತು. ವಯಸ್ಸಿನ ವ್ಯತ್ಯಾಸ, ಬ್ಲೈಂಡಿಂಗ್ ಇಲ್ಲದಿರುವುದು, ಆಂಟಿಬಯೋಟಿಕ್ ಸಮಯ, ಇನ್ನೂ ಏನೇನೋ. ಮೂರೇ ದಿನಕ್ಕೆ ವಾಪಸ್ ಬಂತು. ಈಗ ಓದಿದರೆ ಕಾರಣ ತಿಳಿಯುತ್ತದೆ: ಆರು ತಕರಾರು ಒಟ್ಟಿಗೆ ಇಟ್ಟರೆ, ಪ್ರತಿಯೊಂದೂ ಎಷ್ಟೇ ಮೆತ್ತಗಿದ್ದರೂ, ಒಟ್ಟಾರೆ ದಾಳಿ ಮಾಡಿದ ಹಾಗೆ ಕಾಣುತ್ತದೆ. ಅದರಲ್ಲಿ ನಾಲ್ಕನ್ನು ಲೇಖಕರೇ ಮಿತಿಗಳ ಪ್ಯಾರಾದಲ್ಲಿ ಒಪ್ಪಿಕೊಂಡಿದ್ದರು. ನಾನು ಆ ಪ್ಯಾರಾವನ್ನು ಸರಿಯಾಗಿ ಓದಿರಲಿಲ್ಲ.

ಲೇಖಕರಿಗೆ ಮೊದಲೇ ಮೇಲ್ ಮಾಡಬೇಕಾ?

ಕಡ್ಡಾಯವಲ್ಲ. ಆದರೆ ನಿಮ್ಮ ಅನುಮಾನ ಒಂದು ಅಂಕಿಯ ಬಗ್ಗೆ ಇದ್ದರೆ, ಕೋಷ್ಟಕದ ಮೊತ್ತ ಕೂಡಿಬರದಿದ್ದರೆ, ಮೊದಲು ಕೇಳುವುದೇ ಒಳ್ಳೆಯದು. ಅಚ್ಚಿನ ತಪ್ಪಾಗಿದ್ದರೆ ತಿದ್ದುಪಡಿ ಹಾಕುತ್ತಾರೆ, ಪತ್ರವೇ ಬೇಕಾಗುವುದಿಲ್ಲ. ತೀರ್ಮಾನದ ಬಗ್ಗೆಯಾದರೆ ನೇರವಾಗಿ ಪತ್ರ ಬರೆಯಿರಿ. ಪತ್ರಿಕೆ ಅದನ್ನು ತೆಗೆದುಕೊಂಡರೆ ಲೇಖಕರಿಗೆ ಕಳಿಸಿ ಉತ್ತರ ಕೇಳುತ್ತದೆ, ಎರಡೂ ಒಟ್ಟಿಗೆ ಬರುತ್ತವೆ.

ಅಂಕಿಗಳನ್ನೇ ಹುಟ್ಟುಹಾಕಿದ್ದಾರೆ ಎಂದು ಅನುಮಾನ ಬಂದರೆ?

ಅದು ಈ ಪತ್ರದ ವಿಷಯವಲ್ಲ. ಅಂಥದ್ದನ್ನು ಸಂಪಾದಕರಿಗೆ ಖಾಸಗಿಯಾಗಿ, ನಿಮ್ಮ ಲೆಕ್ಕದ ಸಮೇತ ಬರೆಯಬೇಕು. ಅದಕ್ಕೆ ಪತ್ರಿಕೆಗಳಲ್ಲಿ ಬೇರೆ ಕ್ರಮವೇ ಇದೆ. ಪ್ರಕಟವಾಗುವ ಪತ್ರದಲ್ಲಿ ಸೂಚನೆಯಾಗಿ, ಅಡ್ಡಮಾತಾಗಿ ಹೇಳಬೇಡಿ.

ನಾನಿನ್ನೂ ಪಿಜಿ. ನನ್ನ ಹೆಸರಿನಲ್ಲಿ ಕಳಿಸಬಹುದಾ?

ಖಂಡಿತ. ಪತ್ರದಲ್ಲಿ ಪದವಿಗಿಂತ ಲೆಕ್ಕ ಮುಖ್ಯ. ಹಿರಿಯರೊಬ್ಬರು ಓದಿ ತಿದ್ದಿದ್ದರೆ, ವಾದಕ್ಕೆ ಅವರದ್ದೂ ಪಾಲು ಇದ್ದರೆ ಹೆಸರು ಸೇರಿಸಿ. ಸುಮ್ನೆ ಗೌರವಕ್ಕೆ ಸೇರಿಸಬೇಡಿ. ನಿಮಗೋ ನಿಮ್ಮ ಮೇಷ್ಟ್ರಿಗೋ ಲ್ಯಾಕ್ಟೇಟ್ ಯಂತ್ರದ ಕಂಪನಿಯಿಂದ ಹಣ ಬಂದಿದ್ದರೆ ಅದನ್ನು ಮೊದಲೇ ತಿಳಿಸಬೇಕು.

ಈ ಟ್ರಯಲ್ ವಿಷಯದಲ್ಲಿ ಆಮೇಲೆ ಏನಾಯಿತು?

2020ರಲ್ಲಿ ಬ್ರೆಜಿಲ್‌ನ ಫರ್ನಾಂಡೊ ಜಾಂಪಿಯೇರಿ ಮತ್ತು ಸಂಗಡಿಗರು ಅದೇ ಅಂಕಿಗಳನ್ನು, ಲಾಭ ಇರುವ ಸಾಧ್ಯತೆ ಎಷ್ಟು ಎಂದು ನೇರವಾಗಿ ಲೆಕ್ಕ ಹಾಕುವ ಬೇಸಿಯನ್ ವಿಧಾನದಲ್ಲಿ ಮತ್ತೆ ವಿಶ್ಲೇಷಿಸಿದರು. ಬೆರಳು ನೋಡುವ ಕ್ರಮದಿಂದ ಸಾವು ಕಡಿಮೆಯಾಗಿರುವ ಸಾಧ್ಯತೆ ಹೆಚ್ಚು ಎಂದು ಅದು ತೋರಿಸಿತು. ಆ ಲೇಖನದ ಲೇಖಕರಲ್ಲಿ ಹೆರ್ನಾಂಡೆಸ್ ಕೂಡ ಇದ್ದರು. ತಮ್ಮದೇ ಟ್ರಯಲ್‌ನ ತೀರ್ಮಾನವನ್ನು ಮತ್ತೆ ತೆರೆದು ನೋಡಲು ಅವರೇ ಕೈಜೋಡಿಸಿದರು. ಇಂಥವರಿಗೆ ‘ಲಾಭವನ್ನು ಗುರುತಿಸದೇ ಹೋದರು’ ಎಂದು ಯಾರಾದರೂ ಬರೆದಿದ್ದರೆ ಹೇಗಿರುತ್ತಿತ್ತು, ಯೋಚಿಸಿ.

2025ರಲ್ಲಿ ಇದೇ ತಂಡದ ಎರಡನೇ, ದೊಡ್ಡ ಟ್ರಯಲ್ ಜಾಮಾದಲ್ಲಿ ಬಂತು. 19 ದೇಶ, ಸುಮಾರು 1,460 ರೋಗಿಗಳು. ಈ ಸಲ ಹೋಲಿಕೆ ಸ್ವಲ್ಪ ಬೇರೆ: ಒಂದು ಕಡೆ ಕ್ಯಾಪಿಲರಿ ರೀಫಿಲ್ ಜೊತೆಗೆ ರೋಗಿಯಿಂದ ರೋಗಿಗೆ ಹೊಂದಿಸಿಕೊಳ್ಳುವ ಚಿಕಿತ್ಸೆ, ಇನ್ನೊಂದು ಕಡೆ ಮಾಮೂಲಿ ಆರೈಕೆ. ಸಾವು, ಅಂಗಾಂಗಗಳಿಗೆ ಆಸರೆ ಬೇಕಾದ ದಿನಗಳು, ಆಸ್ಪತ್ರೆಯಲ್ಲಿದ್ದ ಕಾಲ, ಇವನ್ನು ಒಟ್ಟಿಗೆ ಸೇರಿಸಿ ನೋಡಿದ ಅಳತೆಯಲ್ಲಿ ಬೆರಳಿನ ಕ್ರಮ ಮೇಲಾಯಿತು. ಆದರೆ ಸಾವನ್ನು ಮಾತ್ರ ನೋಡಿದರೆ ಎರಡೂ ಗುಂಪಿನಲ್ಲಿ ಹೆಚ್ಚು ಕಡಿಮೆ ಒಂದೇ ಇತ್ತು.

ಆ ವಿದ್ಯಾರ್ಥಿನಿಯ ಮೊದಲ ಕರಡಿನಲ್ಲಿ ‘ಇಷ್ಟು ಸ್ಪಷ್ಟವಾದ ಲಾಭ’ ಎಂದು ಇತ್ತು. ತಿದ್ದಿದ ಮೇಲೆ ‘ಇಂಟರ್ವಲ್ ದೊಡ್ಡ ಲಾಭವನ್ನು ತಳ್ಳಿಹಾಕುವುದಿಲ್ಲ’ ಎಂದಾಗಿತ್ತು. ಎರಡನೇ ಟ್ರಯಲ್ ಬಂದ ದಿನ ಅವಳು ಫೋನ್ ಮಾಡಿದ್ದಳು. ಈಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾಳೆ. “ಸರ್, ಆ ಮೊದಲ ಸಾಲು ಹಾಗೇ ಹೋಗಿದ್ದರೆ?” ಎಂದಳು. ನಾವು ತಿದ್ದಿದ ವಾಕ್ಯವನ್ನು ಇವತ್ತೂ ಒಂದು ಪದ ಬದಲಿಸಬೇಕಾಗಿಲ್ಲ.